ಆರು ತುಂಡಿನ ಮರದ ಬರ್ ಪಜಲ್: ಬಿಚ್ಚುವ ಕ್ರಮ, ಕಟ್ಟುವ ಕ್ರಮ

ಬರ್ ಪಜಲ್ ಅಂದರೆ ಕಚ್ಚು ಕೊರೆದ ಮರದ ತುಂಡುಗಳನ್ನು ಒಂದಕ್ಕೊಂದು ಅಡ್ಡಡ್ಡ ಸಿಕ್ಕಿಸಿ ಕಟ್ಟಿದ ಒಗಟಿನ ಆಟಿಕೆ. ದಾವಣಗೆರೆಯ ನನ್ನ ಮರಗೆಲಸದ ಅಂಗಡಿಗೆ ಮುರಿದ ಬರ್ ಪಜಲ್‌ಗಳು ಆಗಾಗ ಬರುತ್ತವೆ. ಹೆಚ್ಚಿನವು ಒಂದೇ ಕಡೆ ಮುರಿದಿರುತ್ತವೆ: ತುಂಡಿನ ನಡುವೆ ಎದ್ದು ನಿಂತ ಸಣ್ಣ ಹಲ್ಲು. ಆ ಹಲ್ಲಿನಲ್ಲಿ ಮರದ ಎಳೆ ತೀರಾ ಗಿಡ್ಡ. ಅಡ್ಡ ಒತ್ತಿದರೆ ಎಳೆಗುಂಟ ಸೀಳಿ ಹಾರಿಹೋಗುತ್ತದೆ. ಹಾಗಾಗಿ ಬಲ ಹಾಕಬೇಡಿ ಎಂದು ಸುಮ್ನೆ ಹೇಳುವುದಿಲ್ಲ, ಬಿಚ್ಚುವ ದಾರಿಯನ್ನೇ ಹೇಳುತ್ತೇನೆ. ಒಳಗಿನ ಕಚ್ಚುಗಳು ಬೇರೆ ಬೇರೆ ಥರ ಇರುತ್ತವೆ. ನಾನು ತೆಗೆದುಕೊಂಡಿರುವುದು ಎರಡು ಅವಳಿ ಜೋಡಿ ಇರುವ ಸರಳ ಮಾದರಿ.

ಮೊದಲು ಕೀಲಿ ತುಂಡನ್ನು ಹುಡುಕಿ. ಆರೂ ತುಂಡುಗಳ ತುದಿಯನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಹಗುರವಾಗಿ ಉದ್ದಕ್ಕೆ ಒತ್ತಿ. ಒಂದು ಮಾತ್ರ ಜಾರುತ್ತದೆ. ಅದಕ್ಕೆ ಕಚ್ಚೇ ಇಲ್ಲ, ಪೂರಾ ಗಟ್ಟಿ ತುಂಡು. ಅದನ್ನು ತೆಗೆಯುವ ಮೊದಲು ಪಜಲ್ ತಿರುಗಿಸಿ ಕೀಲಿ ನೇರ ನಿಂತು ನಿಮ್ಮ ಬಲಕ್ಕೆ ಬರುವಂತೆ ಹಿಡಿಯಿರಿ. ಕೊನೆಯವರೆಗೂ ಈ ಹಿಡಿತ ಬದಲಿಸಬಾರದು. ಹೀಗೆ ಹಿಡಿದರೆ ಪ್ರತಿ ತುಂಡಿಗೂ ಜಾಗದ ಹೆಸರು ತಾನಾಗಿ ಸಿಗುತ್ತದೆ: ನಿಂತವು ಎಡ ಮತ್ತು ಬಲ, ಅಡ್ಡ ಮಲಗಿದವು ಮುಂದಿನದು ಮತ್ತು ಹಿಂದಿನದು, ನಿಮ್ಮ ಕಡೆಗೆ ಮೂತಿ ಮಾಡಿದವು ಮೇಲಿನದು ಮತ್ತು ಕೆಳಗಿನದು. ಪೆನ್ಸಿಲ್‌ನಲ್ಲಿ ತುದಿಯ ಮೇಲೆ ಈ ಹೆಸರಿನ ಮೊದಲಕ್ಷರ ಬರೆಯಿರಿ. 1, 2, 3 ಅಂತ ಬರೆದರೆ ತೆಗೆದ ಸರದಿ ಮಾತ್ರ ಗೊತ್ತಾಗುತ್ತದೆ, ತುಂಡು ಎಲ್ಲಿತ್ತು, ಯಾವ ಮುಖ ಮೇಲಿತ್ತು ಅನ್ನುವುದು ಗೊತ್ತಾಗುವುದಿಲ್ಲ.

ಈಗ ಕೀಲಿಯನ್ನು ಮೇಲಕ್ಕೆ ಎಳೆದು ತೆಗೆಯಿರಿ. ಎಲ್ಲರೂ ತಡವರಿಸುವುದು ಇಲ್ಲೇ. ಮೇಲಿನ ತುಂಡು ನೇರ ಮೇಲಕ್ಕೆ ಬರುತ್ತದೆ ಅಂತ ಎತ್ತಲು ಹೋಗುತ್ತಾರೆ. ಬರುವುದಿಲ್ಲ, ಎಡಗಡೆ ನಿಂತ ತುಂಡಿನ ತಲೆ ಅದನ್ನು ಹಿಡಿದಿರುತ್ತದೆ. ಮೊದಲು ಬಲಕ್ಕೆ, ಕೀಲಿ ಬಿಟ್ಟ ಜಾಗಕ್ಕೆ, ತುಂಡಿನ ಅರ್ಧ ದಪ್ಪದಷ್ಟು ಸರಿಸಬೇಕು. 20 ಮಿ.ಮೀ. ತುಂಡಾದರೆ 10 ಮಿ.ಮೀ. ಆಮೇಲೆ ಎತ್ತಿದರೆ ಹಗುರವಾಗಿ ಬರುತ್ತದೆ. ಕೆಳಗಿನದೂ ಹಾಗೆಯೇ: ಬಲಕ್ಕೆ ಸರಿಸಿ ಕೆಳಕ್ಕೆ ಇಳಿಸಿ. ಆಗ ಮುಂದಿನ, ಹಿಂದಿನ ತುಂಡುಗಳನ್ನು ತಡೆಯುವುದು ಏನೂ ಇಲ್ಲ. ಅವನ್ನು ಮುಂದಕ್ಕೆ, ಹಿಂದಕ್ಕೆ ಬೇರೆ ಮಾಡಿದರೆ ಎಡದ ತುಂಡು ಕೈಯಲ್ಲಿ ಉಳಿಯುತ್ತದೆ.

ತೆಗೆದ ತುಂಡುಗಳನ್ನು ನೋಡಿ. ಎಡದ್ದರ ನಡುವೆ ಒಂದು ಉದ್ದ ಕಚ್ಚು. ಮೇಲಿನದು, ಕೆಳಗಿನದು ಒಂದೇ ಅಚ್ಚು, ನಡುವೆ ತೆಳ್ಳನೆಯ ಸೇತುವೆ. ಮುಂದಿನದು, ಹಿಂದಿನದು ಕೂಡ ಅವಳಿ. ಒಂದು ಕಡೆ ಸಣ್ಣ ಕಚ್ಚು, ಇನ್ನೊಂದು ಕಡೆ ಅದರ ಎರಡರಷ್ಟು ಅಗಲದ ಕಚ್ಚು, ನಡುವೆ ಆ ಮುರಿಯುವ ಹಲ್ಲು. ಅವಳಿಗಳನ್ನು ಅದಲುಬದಲು ಮಾಡಿದರೂ ಲೆಕ್ಕಕ್ಕೆ ಕೂರುತ್ತವೆ. ಆದರೆ ಕೈಯಿಂದ ಉಜ್ಜಿ ಹೊಂದಿಸಿದ ಪಜಲ್‌ನಲ್ಲಿ ಕೂದಲೆಳೆ ವ್ಯತ್ಯಾಸ ಇರುತ್ತದೆ, ಅದಕ್ಕೇ ಗುರುತು ಬೇಕು.

ಕಟ್ಟುವುದು ಪೂರ್ತಿ ಉಲ್ಟಾ. ಎಡದ ತುಂಡನ್ನು ಉದ್ದ ಕಚ್ಚು ಬಲಕ್ಕೆ ಮುಖ ಮಾಡುವಂತೆ ನಿಲ್ಲಿಸಿ. ಮುಂದಿನ, ಹಿಂದಿನ ತುಂಡುಗಳ ಸಣ್ಣ ಕಚ್ಚು ಅದನ್ನು ಕಚ್ಚಿಕೊಳ್ಳುವಂತೆ ಎರಡೂ ಕಡೆಯಿಂದ ಮುಚ್ಚಿ. ಮೇಲಿನದನ್ನು ಸೇತುವೆ ಎಡಕ್ಕೆ ಬರುವಂತೆ ಹಿಡಿದು, ಸ್ವಲ್ಪ ಬಲಕ್ಕೆ ಇಟ್ಟು ಇಳಿಸಿ, ಎಡಕ್ಕೆ ತಳ್ಳಿ. ಇದರ ಎರಡು ತುದಿ ಮುಂದಿನ ಮತ್ತು ಹಿಂದಿನ ತುಂಡನ್ನು ಹೊರಗಿನಿಂದ ಹಿಡಿದುಕೊಳ್ಳುತ್ತವೆ, ಅಲ್ಲಿಂದ ಮುಂದೆ ಅವು ಬಿಚ್ಚಿಕೊಳ್ಳುವುದಿಲ್ಲ. ಕೆಳಗಿನದನ್ನು ಹಾಕುವಾಗ ಇಡೀ ಪಜಲ್‌ನ ಎಡಭಾಗವನ್ನು ಸ್ವಲ್ಪ ಕೆಳಕ್ಕೆ ಓರೆ ಮಾಡಿ. ಇಲ್ಲದಿದ್ದರೆ ಸೇರಿಸಿದ ತುಂಡು ಬಲಕ್ಕೆ ಜಾರಿ ಬೀಳುತ್ತದೆ.

ಕೀಲಿ ಹಾಕುವ ಮೊದಲು ಅದರ ದಾರಿಯಲ್ಲಿ ಮೇಲಿನಿಂದ ಕಣ್ಣಿಟ್ಟು ನೋಡಿ. ಚೌಕದ ತೂತಿನಲ್ಲಿ ಬೆಳಕು ಪೂರಾ ಕಾಣಬೇಕು. ಒಂದು ಪಕ್ಕದಲ್ಲಿ ಸ್ವಲ್ಪ ಮರ ಇಣುಕಿದರೆ ಮೇಲಿನದೋ ಕೆಳಗಿನದೋ ಇನ್ನೂ ಎಡಕ್ಕೆ ಹೋಗಬೇಕು. ತಳ್ಳಿದರೂ ಹೋಗದೆ ಸೇತುವೆಯೇ ಎದುರಿಗಿದ್ದರೆ ಆ ತುಂಡು ತಿರುಗುಮುರುಗಾಗಿದೆ, ತೆಗೆದು ತಿರುಗಿಸಿ ಹಾಕಿ. ಈ ಸ್ಥಿತಿಯಲ್ಲಿ ಕೀಲಿಯನ್ನು ಬಡಿದರೆ ಮುರಿಯುವುದು ಸೇತುವೆ.

ಬೆಳಕು ಪೂರಾ ಕಂಡೂ ಕೀಲಿ ಬಿಗಿಯಾದರೆ ಅದು ಹವೆಯ ಕೆಲಸ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಸಡಿಲ ಇದ್ದ ಪಜಲ್ ಆಷಾಢದ ಜಿಟಿಜಿಟಿಯಲ್ಲಿ ಬಿಗಿಯುತ್ತದೆ. ತೇವಕ್ಕೆ ಮರ ಉದ್ದದಲ್ಲಿ ಹೆಚ್ಚೇನೂ ಬೆಳೆಯುವುದಿಲ್ಲ, ದಪ್ಪದಲ್ಲಿ ಊದುತ್ತದೆ. ಇಲ್ಲಿ ಒಂದರ ದಪ್ಪ ಇನ್ನೊಂದರ ಕಚ್ಚಿನೊಳಗೆ ಕೂರಬೇಕಲ್ವಾ? ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಇಡಿ. ಬಿಸಿಲಿಗೆ ಮಾತ್ರ ಇಡಬೇಡಿ, ಒಂದೇ ಮಗ್ಗುಲು ಒಣಗಿ ತುಂಡು ಸೊಟ್ಟಗಾಗುತ್ತದೆ. ಸಡಿಲವಾದ ಮೇಲೆ ಕೀಲಿಯ ನಾಲ್ಕೂ ಮುಖಕ್ಕೆ ಮೇಣದಬತ್ತಿ ಉಜ್ಜಿ, ಬಟ್ಟೆಯಿಂದ ಒರೆಸಿ. ಎಣ್ಣೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ. ಮರಳು ಕಾಗದ ಹಾಕಲು ಶ್ರಾವಣ ಕಳೆಯುವವರೆಗೆ ಕಾಯಿರಿ. ಮಳೆಗಾಲದಲ್ಲಿ ಉಜ್ಜಿ ಸರಿ ಮಾಡಿದ ಕೀಲಿ ಬೇಸಿಗೆಯಲ್ಲಿ ತಾನೇ ಜಾರಿ ಬೀಳುತ್ತದೆ.