ಚಿಪ್ಪು ಚೊಕ್ಕಟವಿದ್ದರೆ ಸಾಲದು: ಹಸಿ ಮೊಟ್ಟೆಯ ಎಚ್ಚರಿಕೆ ಹುಟ್ಟಿದ್ದು ಹೇಗೆ

1987ರ ಜುಲೈನಲ್ಲಿ ನ್ಯೂಯಾರ್ಕ್ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳಿಗೆ ಒಬ್ಬರ ಹಿಂದೆ ಒಬ್ಬರಂತೆ ಹೊಟ್ಟೆ ಕೆಟ್ಟಿತು. ಅಲ್ಲಿದ್ದ 965 ರೋಗಿಗಳ ಪೈಕಿ 404 ಮಂದಿಗೆ ಕಾಯಿಲೆ ತಗುಲಿತು. 9 ಮಂದಿ ತೀರಿಕೊಂಡರು. ಕಾರಣ ಹುಡುಕುತ್ತಾ ಹೋದ ತನಿಖೆ ಆಸ್ಪತ್ರೆಯ ಅಡುಗೆಮನೆಗೇ ಬಂದು ನಿಂತಿತು. ಟ್ಯೂನಾ ಮೀನು ಮತ್ತು ಮ್ಯಾಕರೋನಿ ಹಾಕಿದ ಒಂದು ಸಲಾಡ್, ಅದಕ್ಕೆ ಬೆರೆಸಿದ ಮೇಯನೇಸ್. ಆ ಮೇಯನೇಸನ್ನು ಹಸಿ ಮೊಟ್ಟೆಯಿಂದ ಮಾಡಿದ್ದರು. ಅದರಲ್ಲಿ ಸಾಲ್ಮೊನೆಲ್ಲಾ ಎಂಟೆರಿಟಿಡಿಸ್ ಎಂಬ ಬ್ಯಾಕ್ಟೀರಿಯಾ ಇತ್ತು.

ಹಸಿ ಮೊಟ್ಟೆಯಿಂದ ಹೊಟ್ಟೆ ಕೆಡಬಹುದು ಅನ್ನೋದು ಆಗಲೂ ಹೊಸ ಸುದ್ದಿಯಾಗಿರಲಿಲ್ಲ. ಆದರೆ ತಪ್ಪು ಚಿಪ್ಪಿನದ್ದು ಎಂದೇ ಬಹುತೇಕರು ತಿಳಿದಿದ್ದರು. ಕೋಳಿಯ ಹಿಕ್ಕೆ ಮೆತ್ತಿದ ಮೊಟ್ಟೆ, ಬಿರುಕು ಬಿಟ್ಟ ಮೊಟ್ಟೆ, ಇವುಗಳನ್ನು ಬೇರ್ಪಡಿಸಿ, ಉಳಿದವನ್ನು ತೊಳೆದರೆ ಮುಗಿಯಿತು ಎಂಬ ಲೆಕ್ಕ. 1970ರ ದಶಕದಲ್ಲಿ ಅಮೆರಿಕದಲ್ಲಿ ಕಾನೂನು, ತಪಾಸಣೆ ಎಲ್ಲ ಸಾಗಿದ್ದು ಈ ದಾರಿಯಲ್ಲೇ. ಅದರಿಂದ ಉಪಯೋಗವೂ ಆಯಿತು. ಆದರೆ 80ರ ದಶಕದಲ್ಲಿ ಕಾಯಿಲೆ ಮತ್ತೆ ಏರತೊಡಗಿತು, ಅದೂ ಶುಭ್ರವಾದ, ಎಲ್ಲೂ ಒಡೆಯದ, ಮೊದಲ ದರ್ಜೆಯ ಮೊಟ್ಟೆಗಳಿಂದ. 1988ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ನೇರವಾಗಿಯೇ ಬರೆದರು.

ಬ್ಯಾಕ್ಟೀರಿಯಾ ಒಳಗೆ ಹೋಗಿದ್ದು ಹೊರಗಿನಿಂದಲ್ಲ. ಸೋಂಕು ತಗುಲಿದ ಕೋಳಿಯ ಅಂಡಾಶಯ ಮತ್ತು ಮೊಟ್ಟೆ ಇಳಿಯುವ ನಾಳದಲ್ಲಿ ಎಂಟೆರಿಟಿಡಿಸ್ ಮನೆ ಮಾಡಿಕೊಳ್ಳುತ್ತದೆ. ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಕೋಳಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಮೊಟ್ಟೆಯನ್ನೂ ಎಂದಿನಂತೆ ಇಡುತ್ತದೆ. ಅಂಥ ಮೊಟ್ಟೆಯ ಬಣ್ಣ, ವಾಸನೆ, ರುಚಿ ಯಾವುದರಲ್ಲೂ ವ್ಯತ್ಯಾಸ ಇರುವುದಿಲ್ಲ. ನೀರಿಗೆ ಹಾಕಿ ಮುಳುಗುತ್ತದೋ ತೇಲುತ್ತದೋ ನೋಡುವ ಪರೀಕ್ಷೆ ಮೊಟ್ಟೆ ಎಷ್ಟು ಹಳೆಯದು ಅನ್ನೋದನ್ನಷ್ಟೇ ಹೇಳುತ್ತದೆ. ಸಾಲ್ಮೊನೆಲ್ಲಾ ಇದೆಯೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ.

ಈ ಬ್ಯಾಕ್ಟೀರಿಯಾ 80ರ ದಶಕದಲ್ಲೇ ಯಾಕೆ ತಲೆ ಎತ್ತಿತು? ಇದಕ್ಕೆ ಸಂಶೋಧಕರು ಮುಂದಿಟ್ಟಿರುವ ಒಂದು ವಾದ ನನಗೆ ಬಹಳ ಗಂಭೀರವಾದದ್ದು ಅನಿಸುತ್ತದೆ. ಮೊದಲೆಲ್ಲ ಕೋಳಿಗಳನ್ನೇ ಸಾಯಿಸುತ್ತಿದ್ದ ಗ್ಯಾಲಿನೇರಮ್ ಎಂಬ ಸಾಲ್ಮೊನೆಲ್ಲಾ ಬಗೆಯೊಂದಿತ್ತು. ಅಮೆರಿಕ, ಬ್ರಿಟನ್‌ಗಳಲ್ಲಿ ರೋಗ ಬಂದ ಕೋಳಿಗಳನ್ನು ಪತ್ತೆ ಮಾಡಿ ತೆಗೆದುಹಾಕುತ್ತಾ ಬಂದರು. 70ರ ದಶಕದ ಹೊತ್ತಿಗೆ ದೊಡ್ಡ ಕೋಳಿ ಫಾರಂಗಳಿಂದ ಅದು ಬಹುಮಟ್ಟಿಗೆ ಮಾಯವಾಯಿತು. ಗ್ಯಾಲಿನೇರಮ್ ಮತ್ತು ಎಂಟೆರಿಟಿಡಿಸ್ ಎರಡರ ಮೈಮೇಲೂ ಒಂದೇ ಥರದ ಗುರುತು ಇದೆ. ಒಂದರ ವಿರುದ್ಧ ಕೋಳಿ ಹಿಂಡಿನಲ್ಲಿ ಬೆಳೆದ ರೋಗನಿರೋಧಕ ಶಕ್ತಿ ಇನ್ನೊಂದನ್ನೂ ತಡೆಯುತ್ತಿತ್ತು. ಮೊದಲನೆಯದು ಹೋದಾಗ ಆ ತಡೆಯೂ ಹೋಯಿತು, ಖಾಲಿಯಾದ ಜಾಗಕ್ಕೆ ಎರಡನೆಯದು ಬಂತು ಎಂಬುದು ವಾದದ ಸಾರ. ಹೊಸದಾಗಿ ಬಂದದ್ದು ಕೋಳಿಯನ್ನು ಕೊಲ್ಲುವುದಿಲ್ಲವಾದ್ದರಿಂದ ರೈತರಿಗೆ ಅದರ ಸುಳಿವೇ ಸಿಗಲಿಲ್ಲ. ಕಾಯಿಲೆ ಬಿದ್ದವರು ಮೊಟ್ಟೆ ತಿಂದ ಮನುಷ್ಯರು.

ಬ್ರಿಟನ್‌ನಲ್ಲಿ ಇದು ರಾಜಕೀಯ ಬಿರುಗಾಳಿಯನ್ನೇ ಎಬ್ಬಿಸಿತು. 1988ರ ಡಿಸೆಂಬರ್ 3ರಂದು ಅಲ್ಲಿನ ಕಿರಿಯ ಆರೋಗ್ಯ ಸಚಿವೆ ಎಡ್ವಿನಾ ಕರಿ, ದೇಶದ ಬಹುಪಾಲು ಮೊಟ್ಟೆ ಉತ್ಪಾದನೆಗೆ ಸಾಲ್ಮೊನೆಲ್ಲಾ ತಗುಲಿದೆ ಎಂದುಬಿಟ್ಟರು. ಮೊಟ್ಟೆ ವ್ಯಾಪಾರ ಕುಸಿದು ಬಿತ್ತು. ಎರಡೇ ವಾರದೊಳಗೆ ಅವರು ರಾಜೀನಾಮೆ ಕೊಡಬೇಕಾಯಿತು. ಅವರ ಮಾತು ಅತಿಯಾಗಿದ್ದದ್ದು ನಿಜ. ಸೋಂಕು ಕೋಳಿ ಹಿಂಡುಗಳಲ್ಲಿ ಇತ್ತು, ಆದರೆ ಬ್ಯಾಕ್ಟೀರಿಯಾ ಇರುವ ಮೊಟ್ಟೆಗಳ ಪಾಲು ತೀರಾ ಕಡಿಮೆ. ಹಾಗಿದ್ದರೂ ಗಲಾಟೆಯ ನಡುವೆ ಸರ್ಕಾರದ ವೈದ್ಯರು ಕೊಟ್ಟ ಸಲಹೆ ಸರಿಯಾಗಿತ್ತು. ಹಸಿ ಮೊಟ್ಟೆ ಯಾರೂ ತಿನ್ನಬೇಡಿ. ಗರ್ಭಿಣಿಯರು, ಹಸುಗೂಸುಗಳು, ವಯಸ್ಸಾದವರು, ಕಾಯಿಲೆಯಲ್ಲಿರುವವರು ಹಳದಿ, ಬಿಳಿ ಎರಡೂ ಗಟ್ಟಿಯಾಗುವಷ್ಟು ಬೇಯಿಸಿದ ಮೊಟ್ಟೆಯನ್ನೇ ತಿನ್ನಿ. ಇಂದಿಗೂ ಬಹಳ ಕಡೆ ಹೇಳುವ ಮಾತು ಹೆಚ್ಚುಕಡಿಮೆ ಇದೇ.

ಪಾಲು ಅಷ್ಟು ಕಡಿಮೆ ಇದ್ದರೆ ಇಷ್ಟೊಂದು ಎಚ್ಚರಿಕೆ ಯಾಕೆ, ಅಲ್ವಾ? ಒಂದು ಲೆಕ್ಕ ಹಾಕಿ ನೋಡೋಣ. ಅಮೆರಿಕದಲ್ಲಿ ಒಂದು ಕಾಲದಲ್ಲಿ ಮಾಡಿದ ಅಂದಾಜಿನಂತೆ, ಒಳಗೆ ಬ್ಯಾಕ್ಟೀರಿಯಾ ಇರುವುದು 20,000 ಮೊಟ್ಟೆಗೆ ಒಂದರಲ್ಲಿ. ಮನೆಯಲ್ಲಿ ಒಂದು ಮೊಟ್ಟೆ ಒಡೆದರೆ ಅಪಾಯ ಅಷ್ಟೇ ಸಣ್ಣದು. ಆದರೆ ದೊಡ್ಡ ಅಡುಗೆಮನೆಯಲ್ಲಿ 500 ಮೊಟ್ಟೆ ಒಂದೇ ಪಾತ್ರೆಗೆ ಒಡೆದರೆ, ಅದರಲ್ಲಿ ಕೆಟ್ಟದ್ದೊಂದು ಸೇರಿರುವ ಸಾಧ್ಯತೆ 40ರಲ್ಲಿ 1. ದಿನಾ ಹೀಗೇ ಮಾಡಿದರೆ ತಿಂಗಳೊಂದೂವರೆ ತಿಂಗಳಲ್ಲಿ ಒಮ್ಮೆಯಾದರೂ ಇಡೀ ಪಾತ್ರೆ ಕೆಡುವ ಹಾಗಾಯಿತು. ಅದನ್ನು ಉಣ್ಣುವವರು ನೂರಾರು ಮಂದಿ. ಇನ್ನು ಮೊಟ್ಟೆಗಳೆಲ್ಲ ಸೋಂಕಿರುವ ಒಂದೇ ಫಾರಂನಿಂದ ಬಂದಿದ್ದರೆ ಅಪಾಯ ಇದಕ್ಕಿಂತ ಎಷ್ಟೋ ಜಾಸ್ತಿ.

ಎರಡನೆಯ ವಿಷಯ ಸಮಯ ಮತ್ತು ಬಿಸಿ. ಹೊಸ ಮೊಟ್ಟೆಯೊಳಗೆ ಇರುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬೆರಳೆಣಿಕೆಯಷ್ಟು. ಅವು ಇರುವುದು ಹೆಚ್ಚಾಗಿ ಬಿಳಿ ಭಾಗದಲ್ಲಿ. ಆ ಬಿಳಿ ಭಾಗದಲ್ಲಿ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಇದೆ. ಕಬ್ಬಿಣ ಸಿಗದೆ ಬ್ಯಾಕ್ಟೀರಿಯಾ ಬೆಳೆಯಲಾರದು. ಆದರೆ ದಿನ ಕಳೆದಂತೆ, ಅದರಲ್ಲೂ ಬೆಚ್ಚಗಿನ ಜಾಗದಲ್ಲಿ ಇಟ್ಟರೆ, ಹಳದಿಯ ಸುತ್ತಲಿನ ಪೊರೆ ಸಡಿಲವಾಗುತ್ತದೆ. 20 ಡಿಗ್ರಿಯಲ್ಲಿ ಸುಮಾರು ಮೂರು ವಾರ ಇಟ್ಟರೆ ಸಾಕು, ಒಳಗಿನ ಪೋಷಕಾಂಶ ಹೊರಗೆ ಸೋರತೊಡಗುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಬೆಳೆಯುವ ವೇಗವೇ ಬೇರೆ. ಮೊಟ್ಟೆ ಒಡೆದು ಕಲಕಿದಾಗ ನಾವೇ ಈ ಕೆಲಸ ಮಾಡಿಕೊಟ್ಟಂತೆ. ಪೊರೆ ಹರಿದು ಬಿಳಿ, ಹಳದಿ ಬೆರೆಯುತ್ತವೆ. ಬೆಚ್ಚಗಿನ ಅಡುಗೆಮನೆಯಲ್ಲಿ ಅರ್ಧ ಗಂಟೆಗೊಮ್ಮೆ ಸಂಖ್ಯೆ ಇಮ್ಮಡಿಯಾದರೂ, 10 ಇದ್ದದ್ದು ಐದು ಗಂಟೆಯಲ್ಲಿ 10,000 ದಾಟುತ್ತದೆ.

ಆರೋಗ್ಯವಂತ ದೊಡ್ಡವರು ಇಂಥ ಊಟ ತಿಂದರೆ ಆರು ಗಂಟೆಯಿಂದ ಮೂರು ದಿನದೊಳಗೆ ಭೇದಿ, ಜ್ವರ, ಹೊಟ್ಟೆ ನುಲಿತ ಶುರುವಾಗಿ, ಸಾಮಾನ್ಯವಾಗಿ ವಾರದೊಳಗೆ ತಾನಾಗಿಯೇ ವಾಸಿಯಾಗುತ್ತದೆ. ಹಸುಗೂಸುಗಳು, ವಯಸ್ಸಾದವರು, ಗರ್ಭಿಣಿಯರು, ಈ ಮೂರು ಗುಂಪಿನವರ ವಿಷಯದಲ್ಲಿ ಮಾತ್ರ ಹೀಗೆಂದು ನೆಮ್ಮದಿಯಾಗಿ ಕೂರುವಂತಿಲ್ಲ.

ನಮ್ಮ ಮೊದಲ ಕಾವಲು ಹೊಟ್ಟೆಯ ಆಮ್ಲ. ನುಂಗಿದ ಬ್ಯಾಕ್ಟೀರಿಯಾದಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಎಳೆಗೂಸಿನ ಹೊಟ್ಟೆಯಲ್ಲಿ ಆಮ್ಲ ಅಷ್ಟು ಚುರುಕಾಗಿರುವುದಿಲ್ಲ. ವಯಸ್ಸಾದವರಲ್ಲಿ ಹಲವರಿಗೆ ಅದು ಕಡಿಮೆಯಾಗಿರುತ್ತದೆ, ಜೊತೆಗೆ ಅಸಿಡಿಟಿಗೆಂದು ದಿನಾ ನುಂಗುವ ಮಾತ್ರೆ ಇರುವ ಆಮ್ಲವನ್ನೂ ತಗ್ಗಿಸುತ್ತದೆ. ಹಾಗಾಗಿ ಬೇರೆಯವರಿಗೆ ಏನೂ ಮಾಡದಷ್ಟು ಸಣ್ಣ ಪ್ರಮಾಣವೂ ಇವರ ಕರುಳು ತಲುಪಬಹುದು.

ಕರುಳಿನ ಆಚೆಗೂ ಅಪಾಯವಿದೆ. ಮೂರು ತಿಂಗಳೊಳಗಿನ ಮಗುವಿನಲ್ಲಿ ಸಾಲ್ಮೊನೆಲ್ಲಾ ರಕ್ತಕ್ಕೆ ಇಳಿದು, ಅಲ್ಲಿಂದ ಮಿದುಳಿನ ಪೊರೆಗೂ ಹೋಗಬಹುದು. ಅದೇ ಮೆನಿಂಜೈಟಿಸ್. ಆ ವಯಸ್ಸಿನ ಮಗುವಿಗೆ ಮೊಟ್ಟೆ ಕೊಡುವವರು ಯಾರೂ ಇಲ್ಲ, ನಿಜ. ಆದರೆ ಹಸಿ ಮೊಟ್ಟೆ ಕಲಕಿದ ಕೈಯಲ್ಲೇ ಹಾಲಿನ ಬಾಟಲಿ ಮುಟ್ಟಿದರೆ, ಮನೆಯಲ್ಲಿ ಭೇದಿಯಾದವರು ಸೋಪು ಹಾಕಿ ಕೈ ತೊಳೆಯದೆ ಮಗುವನ್ನು ಎತ್ತಿಕೊಂಡರೆ ಸಾಕು. ವಯಸ್ಸಾದವರಲ್ಲಿ ಬೇರೆ ತೊಂದರೆ. ರಕ್ತನಾಳದ ಒಳಗೋಡೆ ಕೊಬ್ಬು ಕಟ್ಟಿ ಒರಟಾಗಿದ್ದರೆ, ರಕ್ತಕ್ಕೆ ಬಂದ ಬ್ಯಾಕ್ಟೀರಿಯಾ ಅಲ್ಲಿ ಅಂಟಿಕೊಂಡು ಗೋಡೆಯನ್ನೇ ಕೆಡಿಸಬಹುದು. ಇದು ಅಪರೂಪ, ಆದರೆ ಪ್ರಾಣಕ್ಕೆ ಎರವಾಗುವಂಥದ್ದು. ಭೇದಿಯಿಂದ ಮೈಯ ನೀರು ಹೋದಾಗ ಮೂತ್ರಪಿಂಡ ಸೋಲುವುದೂ ಇವರಲ್ಲೇ ಬೇಗ.

ಗರ್ಭಿಣಿಯ ದೇಹ ಹೊಟ್ಟೆಯೊಳಗಿನ ಮಗುವನ್ನು ಹೊರಗಿನದೆಂದು ತಳ್ಳಿಹಾಕದಿರಲು ತನ್ನ ರೋಗನಿರೋಧಕ ವ್ಯವಸ್ಥೆಯ ಒಂದು ಭಾಗವನ್ನು ಹೊಂದಿಸಿಕೊಂಡಿರುತ್ತದೆ. ಜೀವಕೋಶದೊಳಗೆ ಅಡಗಿ ಕೂರುವ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾವನ್ನು ಹಿಡಿಯಬೇಕಾದದ್ದೂ ಆ ಭಾಗವೇ. ಬಹಳಷ್ಟು ಸಲ ಮಗುವಿಗೆ ಏನೂ ಆಗುವುದಿಲ್ಲ ಅನ್ನೋದನ್ನು ಸ್ಪಷ್ಟವಾಗಿ ಹೇಳಬೇಕು, ಸುಮ್ನೆ ಹೆದರಿಸಬಾರದು. ಆದರೆ ತಾಯಿಗೆ ಜೋರು ಜ್ವರ, ನೀರಿನಂಶದ ಕೊರತೆ ಆಗಬಹುದು. ಸೋಂಕು ರಕ್ತಕ್ಕೆ ಇಳಿದರೆ, ಅಪರೂಪಕ್ಕೆ, ಗರ್ಭಪಾತವೂ ಆಗಬಹುದು.

ಬ್ರಿಟನ್ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1998ರಿಂದ, ಮೊಟ್ಟೆಯ ಮೇಲೆ ಸಿಂಹದ ಮುದ್ರೆ ಒತ್ತುವ ಯೋಜನೆಯಡಿ ಕೋಳಿಗಳಿಗೆ ಸಾಲ್ಮೊನೆಲ್ಲಾ ಲಸಿಕೆ ಕಡ್ಡಾಯವಾಯಿತು. ಫಾರಂಗಳ ಪರೀಕ್ಷೆಯೂ ಬಿಗಿಯಾಯಿತು. ಮೊಟ್ಟೆಯಿಂದ ಬರುವ ಸೋಂಕು ಗಣನೀಯವಾಗಿ ಇಳಿಯಿತು. 2017ರ ಅಕ್ಟೋಬರ್‌ನಲ್ಲಿ ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ ಸುಮಾರು 30 ವರ್ಷದ ಸಲಹೆಯನ್ನು ಬದಲಿಸಿತು. ಆ ಮುದ್ರೆಯಿರುವ ಮೊಟ್ಟೆಯನ್ನು ಗರ್ಭಿಣಿಯರು, ಮಕ್ಕಳು, ವಯಸ್ಸಾದವರು ಹಸಿಯಾಗಿ ಅಥವಾ ಅರೆಬೆಂದದ್ದಾಗಿ ತಿನ್ನಬಹುದು ಎಂದಿತು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಈ ಸಡಿಲಿಕೆ ಇಲ್ಲ. ಮುದ್ರೆಯಿಲ್ಲದ ಮೊಟ್ಟೆಗೂ, ಬಾತುಕೋಳಿಯಂಥ ಬೇರೆ ಹಕ್ಕಿಗಳ ಮೊಟ್ಟೆಗೂ ಇಲ್ಲ. "ಈಗ ಹಸಿ ಮೊಟ್ಟೆ ಸೇಫ್ ಅಂತೆ" ಎಂದು ಈ ಸುದ್ದಿಯನ್ನು ಅರ್ಧ ಮಾತ್ರ ಹಂಚುವುದು ಅಪಾಯಕಾರಿ. ಬದಲಾದದ್ದು ಕೋಳಿ ಸಾಕುವ ಪದ್ಧತಿ. ನಿಮ್ಮ ಕೈಗೆ ಬಂದ ಮೊಟ್ಟೆಯ ಹಿಂದೆ ಅಂಥ ಲಸಿಕೆ, ಪರೀಕ್ಷೆ ಇದೆ ಎಂದು ಖಾತರಿ ಇಲ್ಲದಿದ್ದರೆ 1988ರ ಸಲಹೆಯೇ ನಿಮಗೆ ಅನ್ವಯಿಸುತ್ತದೆ.

ಅಂದರೆ ಬಿಳಿ, ಹಳದಿ ಎರಡೂ ಗಟ್ಟಿಯಾಗಬೇಕು. ಮೊಟ್ಟೆ ಬೆರೆಸಿದ ಅಡುಗೆಯ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹಳದಿ ಹರಿಯುವಂತಿದ್ದರೆ ಬ್ಯಾಕ್ಟೀರಿಯಾ ಉಳಿದಿರಬಹುದು. ಮೂಸ್, ಮನೆಯಲ್ಲೇ ಮಾಡಿದ ಐಸ್‌ಕ್ರೀಮ್, ಮೇಯನೇಸ್, ರುಚಿ ನೋಡಲು ನೆಕ್ಕುವ ಕೇಕ್ ಹಿಟ್ಟು, ಇವೆಲ್ಲ ಹಸಿ ಮೊಟ್ಟೆಯ ಪಟ್ಟಿಗೇ ಸೇರುತ್ತವೆ. ಇವಕ್ಕೆ ಪಾಶ್ಚರೀಕರಿಸಿದ ಮೊಟ್ಟೆ ಬಳಸಬಹುದು. ಮೇಯನೇಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ನಿಂಬೆ ರಸ ಹಿಂಡಿ ಫ್ರಿಜ್‌ನಲ್ಲಿಟ್ಟರೆ ಸಾಕು ಎನ್ನುತ್ತಾರೆ. ಹುಳಿ ಸಾಲದಿದ್ದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಇನ್ನು ಫ್ರಿಜ್‌ನ ತಂಪಿನಲ್ಲಿ ಹುಳಿಯ ಕೊಲ್ಲುವ ಶಕ್ತಿ ಮತ್ತಷ್ಟು ನಿಧಾನವಾಗುತ್ತದೆ. ಚಳಿ ಬೆಳವಣಿಗೆಯನ್ನು ತಡೆಯುತ್ತದೆ ಅಷ್ಟೇ.

ಇಷ್ಟಾದ ಮೇಲೂ ಕಾಯಿಲೆ ಬಂತು ಅನ್ನಿ. ಹಸುಗೂಸಿಗೆ ಜ್ವರದ ಜೊತೆ ಭೇದಿಯಾದರೆ ಒಂದು ದಿನವೂ ಕಾಯಬೇಡಿ. ಗರ್ಭಿಣಿ ಅಥವಾ ವಯಸ್ಸಾದವರಿಗೆ ಮಲದಲ್ಲಿ ರಕ್ತ ಕಂಡರೆ, ಜ್ವರ 39 ಡಿಗ್ರಿ ದಾಟಿದರೆ, ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಕೂಡಲೇ ವೈದ್ಯರ ಬಳಿ ಹೋಗಿ. ಮನೆಯಲ್ಲಿರುವ ಹಳೆಯ ಆ್ಯಂಟಿಬಯಾಟಿಕ್ ಮಾತ್ರೆ ನುಂಗಿಸಬೇಡಿ. ಆರೋಗ್ಯವಂತರಿಗೆ ಅದರಿಂದ ಉಪಯೋಗವಿಲ್ಲ, ಬ್ಯಾಕ್ಟೀರಿಯಾ ಮಲದಲ್ಲಿ ಇನ್ನೂ ಹೆಚ್ಚು ದಿನ ಉಳಿಯಬಹುದು. ಈ ಮೂರು ಗುಂಪಿನವರಿಗೆ ಬೇಕಾಗಬಹುದು, ಆದರೆ ಯಾವುದು, ಎಷ್ಟು ದಿನ ಅನ್ನೋದನ್ನು ವೈದ್ಯರೇ ತೀರ್ಮಾನಿಸಬೇಕು. ಹಿಂದಿನ ಮೂರು ದಿನಗಳಲ್ಲಿ ಹಸಿ ಅಥವಾ ಅರೆಬೆಂದ ಮೊಟ್ಟೆ ತಿಂದಿದ್ದರೆ ಅವರು ಕೇಳುವ ಮೊದಲೇ ಹೇಳಿ. ಮಲ ಪರೀಕ್ಷೆಗೆ ಕಳಿಸಬೇಕೋ ಬೇಡವೋ ಎಂದು ನಿರ್ಧರಿಸಲು ಅವರಿಗೆ ಆ ಒಂದು ವಿವರ ಬೇಕು.