ತೆರಿಗೆಗೆ ನಿವಾಸಿ ಯಾರು? ಸೆಪ್ಟೆಂಬರ್ 28ರ ಲೆಕ್ಕ

ಈ ಪಾಠದಲ್ಲಿ ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. "ಭಾರತೀಯ" ಮತ್ತು "ಭಾರತದ ನಿವಾಸಿ" ಎರಡೂ ಒಂದೇ ಅಂದುಕೊಂಡು ಮುಂದೆ ಓದುತ್ತಾರೆ. ನಮ್ಮ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 6 ಮೊದಲು ಕೇಳುವುದು ನೀವು ಎಷ್ಟು ದಿನ ಇಲ್ಲಿದ್ದಿರಿ ಅಂತ. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋ ಪ್ರಶ್ನೆ ಆಮೇಲೆ, ಅದೂ ಕೆಲವು ಕಡೆ ಮಾತ್ರ.

ನಿಯಮ ಚಿಕ್ಕದು. ಏಪ್ರಿಲ್ 1ರಿಂದ ಮಾರ್ಚ್ 31ರ ಒಳಗೆ 182 ದಿನ ಅಥವಾ ಅದಕ್ಕಿಂತ ಜಾಸ್ತಿ ಭಾರತದಲ್ಲಿದ್ದರೆ ನೀವು ಆ ವರ್ಷಕ್ಕೆ ನಿವಾಸಿ. ಅಷ್ಟು ದಿನ ಇಲ್ಲದಿದ್ದರೂ ಇನ್ನೊಂದು ದಾರಿ ಇದೆ. ಆ ವರ್ಷ ಕನಿಷ್ಠ 60 ದಿನ, ಅದರ ಹಿಂದಿನ 4 ವರ್ಷಗಳಲ್ಲಿ ಒಟ್ಟು ಕನಿಷ್ಠ 365 ದಿನ ಇದ್ದಿದ್ದರೆ ಆಗಲೂ ನಿವಾಸಿಯೇ. ನಿವಾಸಿಗೆ ಜಗತ್ತಿನ ಎಲ್ಲ ಕಡೆಯ ಆದಾಯಕ್ಕೂ ಇಲ್ಲಿ ತೆರಿಗೆ. ಅನಿವಾಸಿಗೆ ಭಾರತದಲ್ಲಿ ಹುಟ್ಟಿದ ಅಥವಾ ಭಾರತದಲ್ಲೇ ಮೊದಲು ಕೈಸೇರಿದ ಆದಾಯಕ್ಕೆ ಮಾತ್ರ. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಬಂದಿದೆ, ಆದರೆ ಈ ದಿನಗಳ ಲೆಕ್ಕ ಬದಲಾಗಿಲ್ಲ.

ಒಂದು ಉದಾಹರಣೆ ಹಿಡಿದು ಹೋಗೋಣ. ಕರಾವಳಿಯಲ್ಲಿ ಗಲ್ಫ್‌ಗೆ ಹೋದವರಿಲ್ಲದ ಊರು ಕಡಿಮೆ, ಹಾಗಾಗಿ ಉಡುಪಿಯ ಒಬ್ಬ ಸೈಟ್ ಇಂಜಿನಿಯರ್ ಇರಲಿ. ಇಲ್ಲಿ ತಿಂಗಳಿಗೆ 50,000 ಸಂಬಳ. ದುಬೈನಲ್ಲಿ ಕೆಲಸ ಸಿಕ್ಕಿತು, ಅಲ್ಲಿ ತಿಂಗಳಿಗೆ ಸುಮಾರು 2 ಲಕ್ಷ ರೂಪಾಯಿ. 2025ರ ಅಕ್ಟೋಬರ್ 5ರಂದು ವಿಮಾನ ಹತ್ತಿದ.

ದಿನ ಎಣಿಸಿ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ 153, ಸೆಪ್ಟೆಂಬರ್ 30, ಅಕ್ಟೋಬರ್ 5. ಒಟ್ಟು 188. ಅಂದರೆ 2025-26ಕ್ಕೆ ಆತ ನಿವಾಸಿ. ನಮ್ಮ ಕಾಯ್ದೆಯಲ್ಲಿ ಅರ್ಧ ವರ್ಷ ನಿವಾಸಿ, ಅರ್ಧ ವರ್ಷ ಅನಿವಾಸಿ ಅಂತ ಇಲ್ಲ. ಬ್ರಿಟನ್‌ನಲ್ಲಿ ಕೆಲವು ಸಂದರ್ಭಗಳಲ್ಲಿ ವರ್ಷವನ್ನು ಹಾಗೆ ಎರಡು ಭಾಗ ಮಾಡುತ್ತಾರೆ, ನಮ್ಮಲ್ಲಿ ಮಾಡುವುದಿಲ್ಲ. ಇಡೀ ವರ್ಷಕ್ಕೆ ಒಂದೇ ಹಣೆಪಟ್ಟಿ. ಹಾಗಾಗಿ ಇಲ್ಲಿನ ಆರು ತಿಂಗಳ 3 ಲಕ್ಷದ ಜೊತೆ ದುಬೈನ ಆರು ತಿಂಗಳ 12 ಲಕ್ಷವೂ ಸೇರುತ್ತದೆ. 15 ಲಕ್ಷದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 14.25 ಲಕ್ಷ. ಹೊಸ ಪದ್ಧತಿಯ ದರದಲ್ಲಿ ತೆರಿಗೆ 93,750, ಅದರ ಮೇಲೆ 4% ಸೆಸ್, ಒಟ್ಟು 97,500 ರೂಪಾಯಿ. ದುಬೈನಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲದ ಕಾರಣ "ಅಲ್ಲಿ ಕಟ್ಟಿದ್ದೇನೆ, ಇಲ್ಲಿ ಕಳೆಯಿರಿ" ಅನ್ನಲು ಏನೂ ಇಲ್ಲ.

ಅದೇ ಆತ ಸೆಪ್ಟೆಂಬರ್ 28ರಂದು ಹೊರಟಿದ್ದರೆ? ಹೊರಟ ದಿನವನ್ನೂ ಸೇರಿಸಿ 181 ದಿನ. ಈಗ ಅನಿವಾಸಿ. ಇಲ್ಲಿ ಲೆಕ್ಕಕ್ಕೆ ಬರುವುದು 3 ಲಕ್ಷ ಮಾತ್ರ, ಅದು 4 ಲಕ್ಷದ ಮಿತಿಯ ಒಳಗಿದೆ. ತೆರಿಗೆ ಸೊನ್ನೆ. ಕೆಲಸ ಅದೇ, ವೀಸಾ ಅದೇ, ಪಾಸ್‌ಪೋರ್ಟ್ ಅದೇ. ಒಂದು ವಾರದ ವ್ಯತ್ಯಾಸಕ್ಕೆ ಸುಮಾರು ಒಂದು ಲಕ್ಷ.

ನಡುರಾತ್ರಿಯ ವಿಮಾನ ಇದ್ದಾಗ ಜನ ಟಿಕೆಟ್ ನೋಡಿ ಎಣಿಸುತ್ತಾರೆ. ಎಣಿಕೆಗೆ ಬೇಕಾದದ್ದು ಇಮಿಗ್ರೇಶನ್‌ನಲ್ಲಿ ಬಿದ್ದ ಮುದ್ರೆಯ ತಾರೀಕು. 29ರ ಬೆಳಗಿನ ಜಾವದ ವಿಮಾನಕ್ಕೆ 28ರ ರಾತ್ರಿ 11ಕ್ಕೇ ಮುದ್ರೆ ಬಿದ್ದಿರಬಹುದು, 29ಕ್ಕೂ ಬಿದ್ದಿರಬಹುದು. ಎರಡನೆಯದಾದರೆ 182 ಆಯಿತು, ಕಥೆ ಮುಗಿಯಿತು. ಬಂದ ದಿನವನ್ನು ಎಣಿಸಬಾರದು ಅಂತ ಕೆಲವು ನ್ಯಾಯಮಂಡಳಿಗಳು ಹೇಳಿದ್ದುಂಟು. ಆದರೂ ಬಂದ ದಿನ, ಹೋದ ದಿನ ಎರಡನ್ನೂ ಸೇರಿಸಿಯೇ ಎಣಿಸಿ, ಕೊನೆಗೆ ಎರಡು ಮೂರು ದಿನ ಕೈಯಲ್ಲಿ ಉಳಿಸಿಕೊಳ್ಳುವುದು ಜಾಣತನ. ದುಬೈನ ಸ್ಮಾರ್ಟ್ ಗೇಟ್‌ನಲ್ಲಿ ಮುದ್ರೆಯೇ ಬೀಳುವುದಿಲ್ಲ, ಹಾಗಾಗಿ ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಈಗ ಒಂದು ಪ್ರಶ್ನೆ ಏಳಬೇಕು. ಸೆಪ್ಟೆಂಬರ್ 28ಕ್ಕೆ ಹೊರಟವನು 60 ದಿನ ದಾಟಿದ್ದಾನೆ, ಹಿಂದಿನ ನಾಲ್ಕು ವರ್ಷ ಪೂರ್ತಿ ಊರಲ್ಲೇ ಇದ್ದ. ಎರಡನೇ ದಾರಿಯಲ್ಲಿ ಆತ ನಿವಾಸಿ ಆಗಲೇಬೇಕಲ್ವಾ? ಆಗುವುದಿಲ್ಲ. ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯ ಪ್ರಜೆಗೆ ಕಾಯ್ದೆ ಆ 60ರ ಜಾಗದಲ್ಲಿ 182 ಅಂತ ಓದಿಕೊಳ್ಳುತ್ತದೆ. ಎನ್‌ಆರ್‌ಐಗಳು ರಜೆಗೆ ಊರಿಗೆ ಬಂದಾಗಲೂ ಇದೇ ರಿಯಾಯಿತಿ, ಅದು ವಿದೇಶಿ ಪಾಸ್‌ಪೋರ್ಟ್ ಪಡೆದ ಭಾರತೀಯ ಮೂಲದವರಿಗೂ ಸಿಗುತ್ತದೆ. ಆದರೆ ಆತನ ಗೆಳತಿ ಆಗಸ್ಟ್ 10ರಂದು ಜರ್ಮನಿಗೆ ಎಂಎಸ್ಸಿ ಓದಲು ಹೋದಳು ಅನ್ನಿ. ಅವಳದ್ದು 132 ದಿನ. ಹೋದದ್ದು ಓದಿಗೆ, ಕೆಲಸಕ್ಕಲ್ಲ. ರಿಯಾಯಿತಿ ಇಲ್ಲ, 60 ದಾಟಿದೆ, ಅವಳು ಆ ವರ್ಷ ನಿವಾಸಿ. ಅವನಿಗಿಂತ ಮೊದಲು ಹೋದವಳು ನಿವಾಸಿ, ಆಮೇಲೆ ಹೋದವನು ಅನಿವಾಸಿ. ಪರೀಕ್ಷೆಯಲ್ಲಿ ಕೇಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಕಾಣುವುದಿಲ್ಲ.

ಇನ್ನೊಂದು ಗೊಂದಲ ಬ್ಯಾಂಕಿನಿಂದ ಬರುತ್ತದೆ. "ನನಗೆ ಎನ್‌ಆರ್‌ಇ ಖಾತೆ ಮಾಡಿಕೊಟ್ಟಿದ್ದಾರೆ, ಹಾಗಾದರೆ ನಾನು ಎನ್‌ಆರ್‌ಐ ತಾನೆ?" ಖಾತೆ ನಡೆಯುವುದು ವಿದೇಶಿ ವಿನಿಮಯ ನೋಡಿಕೊಳ್ಳುವ ಫೆಮಾ ಕಾಯ್ದೆಯ ಮೇಲೆ. ಉದ್ಯೋಗಕ್ಕೆ ಹೊರಟರೆ ಹೊರಟ ದಿನದಿಂದಲೇ ಫೆಮಾದಲ್ಲಿ ನೀವು ಅನಿವಾಸಿ, ಅಲ್ಲಿ ಉದ್ದೇಶಕ್ಕೆ ಬೆಲೆ. ಆದಾಯ ತೆರಿಗೆಗೆ ಉದ್ದೇಶ ಸಾಲದು, ದಿನ ಬೇಕು. ಅಕ್ಟೋಬರ್ 5ರಂದು ಹೋದ ನಮ್ಮ ಇಂಜಿನಿಯರ್ ಬ್ಯಾಂಕಿಗೆ ಅನಿವಾಸಿ, ಅದೇ ವರ್ಷ ತೆರಿಗೆ ಇಲಾಖೆಗೆ ನಿವಾಸಿ. ಎರಡೂ ಸರಿ.

ಪೌರತ್ವ ಬಿಟ್ಟು ವಾಸವನ್ನೇ ಯಾಕೆ ಹಿಡಿದುಕೊಂಡರು? ರಸ್ತೆ, ಆಸ್ಪತ್ರೆ, ಪೊಲೀಸು ಎಲ್ಲವನ್ನೂ ಬಳಸುವವರು ಅಲ್ಲಿ ವಾಸ ಮಾಡುವವರು, ಹಾಗಾಗಿ ಖರ್ಚಿನ ಪಾಲು ಅವರದ್ದು ಅನ್ನೋದು ಒಂದು ವಾದ. ನನಗೆ ಅದಕ್ಕಿಂತ ಗಟ್ಟಿಯಾಗಿ ಕಾಣುವುದು ವಸೂಲಿಯ ಮಾತು. ಮನುಷ್ಯ ಎಲ್ಲಿದ್ದಾನೋ ಅಲ್ಲಿ ಅವನ ಸಂಬಳ, ಬ್ಯಾಂಕು, ಮನೆ ಇರುತ್ತವೆ. ನೋಟಿಸ್ ಕೊಡಲು, ಟಿಡಿಎಸ್ ಹಿಡಿಯಲು ಸಾಧ್ಯವಾಗುವುದೂ ಅಲ್ಲೇ. ಮೂವತ್ತು ವರ್ಷದ ಹಿಂದೆ ಊರು ಬಿಟ್ಟವನ ಹಿಂದೆ ಪಾಸ್‌ಪೋರ್ಟ್ ಹಿಡಿದು ಓಡುವುದು ಯಾವ ಇಲಾಖೆಗೂ ಸುಲಭವಲ್ಲ. ಇದರ ಇನ್ನೊಂದು ಮುಖವೂ ಇದೆ. ಬೆಂಗಳೂರಿಗೆ ಕೆಲಸಕ್ಕೆ ಬಂದು 200 ದಿನ ಉಳಿದ ಜರ್ಮನ್ ಪ್ರಜೆ ಇಲ್ಲಿ ನಿವಾಸಿ. ಹೊಸಬ ಆದ್ದರಿಂದ ಮೊದಮೊದಲು ಅವನು "ಸಾಮಾನ್ಯ ನಿವಾಸಿ ಅಲ್ಲದ ನಿವಾಸಿ" ಅನ್ನೋ ನಡುವಿನ ಗುಂಪಿಗೆ ಸೇರುತ್ತಾನೆ, ನಮ್ಮ ಆಡಿಟರ್‌ಗಳ ಬಾಯಲ್ಲಿ ಆರ್‌ಎನ್‌ಒಆರ್. ಆಗ ಅವನ ಜರ್ಮನಿಯ ಬಾಡಿಗೆ, ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಕೆಲವು ವರ್ಷ ಇಲ್ಲೇ ಉಳಿದರೆ ಆ ರಕ್ಷಣೆ ಮುಗಿಯುತ್ತದೆ.

ಅಮೆರಿಕ ಬೇರೆ ದಾರಿ ಹಿಡಿದ ದೊಡ್ಡ ದೇಶ. ಅಲ್ಲಿನ ಪ್ರಜೆ ಎಲ್ಲೇ ಇದ್ದರೂ ಜಗತ್ತಿನ ಆದಾಯವನ್ನೆಲ್ಲ ಅಲ್ಲಿಗೆ ತೋರಿಸಬೇಕು. ಮೆಕ್ಸಿಕೋದಲ್ಲಿ ವಾಸವಿದ್ದ ಒಬ್ಬ ಪ್ರಜೆ ಇದನ್ನು ಪ್ರಶ್ನಿಸಿದಾಗ, 1924ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರದ ಪರವೇ ನಿಂತಿತು. ಎರಿಟ್ರಿಯಾ ಕೂಡ ಹೊರದೇಶದಲ್ಲಿರುವ ತನ್ನವರಿಂದ 2% ಕೇಳುತ್ತದೆ. ನಮ್ಮವರಿಗೆ ಇದು ಎಲ್ಲಿ ತಟ್ಟುತ್ತದೆ ಅಂದರೆ, ಅಪ್ಪ ಅಮ್ಮ ಅಲ್ಲಿ ಕೆಲಸದಲ್ಲಿದ್ದಾಗ ಹುಟ್ಟಿ, ಎರಡು ವರ್ಷಕ್ಕೇ ಮೈಸೂರಿಗೆ ಬಂದು ಬೆಳೆದ ಮಗುವಿಗೆ. ಆ ಮಗು ಅಮೆರಿಕದ ಪ್ರಜೆ. ದೊಡ್ಡವಳಾಗಿ ಮೈಸೂರಲ್ಲೇ ದುಡಿದರೂ, ಆದಾಯ ಅಲ್ಲಿನ ಮಿತಿ ದಾಟಿದರೆ ಅಲ್ಲಿಗೆ ರಿಟರ್ನ್ ಹಾಕಬೇಕು. ಇಲ್ಲಿ ಕಟ್ಟಿದ ತೆರಿಗೆ ಕಳೆದ ಮೇಲೆ ಅಲ್ಲಿ ಕೊಡಲು ಎಷ್ಟೋ ಸಲ ಏನೂ ಉಳಿಯುವುದಿಲ್ಲ. ಕಾಗದ ಪತ್ರದ ಕೆಲಸ ಮಾತ್ರ ತಪ್ಪುವುದಿಲ್ಲ. ನಮ್ಮ ಬ್ಯಾಂಕಿನಲ್ಲಿ ಖಾತೆ ತೆರೆಯುವಾಗಿನ ಫಾರಂ ನೋಡಿ: ಯಾವ ದೇಶದ ತೆರಿಗೆ ನಿವಾಸಿ ಅಂತ ಒಂದು ಕಾಲಂ, ಯಾವ ದೇಶದ ಪ್ರಜೆ ಅಂತ ಇನ್ನೊಂದು. ಮೊದಲನೆಯದನ್ನು ನೋಡಿ ದೇಶಗಳು ಖಾತೆಯ ಮಾಹಿತಿ ಹಂಚಿಕೊಳ್ಳುತ್ತವೆ. ಎರಡನೆಯದು ಮುಖ್ಯವಾಗುವುದು ಅಮೆರಿಕದವರಿಗಾಗಿ.

ನಮ್ಮ ಕಾಯ್ದೆಯಲ್ಲೂ 2020ರಲ್ಲಿ ಪೌರತ್ವ ಹಿಂಬಾಗಿಲಿನಿಂದ ಒಳಗೆ ಬಂತು. ಯಾವ ದೇಶದಲ್ಲೂ ತೆರಿಗೆಗೆ ಒಳಪಡದೆ ಓಡಾಡಿಕೊಂಡಿರುವ ಭಾರತೀಯ ಪ್ರಜೆಯನ್ನು, ಒಂದು ದಿನವೂ ಇಲ್ಲಿ ಕಾಲಿಡದಿದ್ದರೂ ನಿವಾಸಿ ಅಂತ ಪರಿಗಣಿಸಬಹುದು. ಬಜೆಟ್ ದಿನ ಗಲ್ಫ್‌ನಲ್ಲಿ ಗಾಬರಿ ಎದ್ದಿತು. ಮಾರನೇ ದಿನವೇ, ಫೆಬ್ರವರಿ 2ರಂದು, ಇದು ಅಲ್ಲಿ ದುಡಿಯುವವರಿಗಲ್ಲ ಅಂತ ಸರ್ಕಾರ ಸ್ಪಷ್ಟನೆ ಕೊಡಬೇಕಾಯಿತು. ಕೊನೆಗೆ ಕಾಯ್ದೆಯಾಗುವಾಗ ಒಂದು ಮಿತಿ ಸೇರಿತು: ವಿದೇಶದ ಗಳಿಕೆ ಬಿಟ್ಟು ಉಳಿದ ಆದಾಯ 15 ಲಕ್ಷ ದಾಟಿರಬೇಕು. ದುಬೈ ಸಂಬಳ ಈ 15 ಲಕ್ಷದಲ್ಲಿ ಬರುವುದಿಲ್ಲ. ಮಂಗಳೂರಿನ ಅಂಗಡಿ ಬಾಡಿಗೆ, ಇಲ್ಲಿನ ಷೇರು ಲಾಭ ಬರುತ್ತವೆ. ಅಷ್ಟು ಆದಾಯ ಇದ್ದವರು ರಜೆಗೆ ಬಂದಾಗಲೂ 182ರ ಬದಲು 120 ದಿನಕ್ಕೇ ಜಾಗ್ರತೆ ಇರಬೇಕು. ಹೀಗೆ ನಿವಾಸಿ ಆದವರೂ ಆರ್‌ಎನ್‌ಒಆರ್ ಗುಂಪಿಗೇ ಸೇರುತ್ತಾರೆ, ಆದ್ದರಿಂದ ಅವರ ದುಬೈ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಇಲ್ಲಿಂದಲೇ ನಡೆಸುವ ವಿದೇಶಿ ವ್ಯಾಪಾರದ ಲಾಭಕ್ಕೆ ಮಾತ್ರ ಬೀಳುತ್ತದೆ.

ಎರಡು ದೇಶಗಳೂ "ಇವನು ನಮ್ಮ ನಿವಾಸಿ" ಅಂದಾಗ, ಒಂದೇ ಆದಾಯಕ್ಕೆ ಎರಡೂ ಕಡೆ ತೆರಿಗೆ ಬೀಳದಂತೆ ಆ ದೇಶಗಳು ಮಾಡಿಕೊಂಡ ದ್ವಿತೆರಿಗೆ ಒಪ್ಪಂದ ನೋಡಬೇಕು. ಅಲ್ಲಿ ಮೆಟ್ಟಿಲುಗಳಿವೆ. ಕಾಯಂ ಮನೆ ಎಲ್ಲಿದೆ, ಸಂಸಾರ ಮತ್ತು ಹಣದ ನಂಟು ಯಾವ ಕಡೆ ಜಾಸ್ತಿ, ಸಾಮಾನ್ಯವಾಗಿ ಎಲ್ಲಿರುತ್ತಾನೆ, ಇವು ಮೂರೂ ಇತ್ಯರ್ಥ ಮಾಡದಿದ್ದರೆ ಮಾತ್ರ ಪೌರತ್ವ. ಅದು ನಾಲ್ಕನೆಯದು.

ನಮ್ಮ ಇಂಜಿನಿಯರ್‌ಗೆ ಇದು ಎಷ್ಟು ಉಪಯೋಗ? ಯುಎಇ ಜೊತೆಗಿನ ಒಪ್ಪಂದದಲ್ಲಿ ಅಲ್ಲಿನ ನಿವಾಸಿ ಅನಿಸಿಕೊಳ್ಳಲು ಒಂದು ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಅಲ್ಲಿರಬೇಕು. 2025ರಲ್ಲಿ ಅವನದ್ದು ಹೆಚ್ಚೆಂದರೆ 88 ದಿನ, ಹಾಗಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಸಂಬಳಕ್ಕೆ ಒಪ್ಪಂದ ಕೈಹಿಡಿಯುವುದಿಲ್ಲ. 2026ರಲ್ಲಿ ಅಲ್ಲಿ 183 ದಾಟಿದರೆ ಜನವರಿಯಿಂದ ಮಾರ್ಚ್‌ವರೆಗಿನ ಸಂಬಳಕ್ಕೆ ವಾದ ಹೂಡಲು ದಾರಿ ಇದೆ. ಅದಕ್ಕೆ ಅಲ್ಲಿನ ಸರ್ಕಾರದ ತೆರಿಗೆ ನಿವಾಸ ಪ್ರಮಾಣಪತ್ರ ಬೇಕು, ಆಮೇಲೆ ಮೆಟ್ಟಿಲುಗಳನ್ನೂ ಹತ್ತಬೇಕು. ಹೆಂಡತಿ ಮಕ್ಕಳು ಇನ್ನೂ ಉಡುಪಿಯ ಸ್ವಂತ ಮನೆಯಲ್ಲೇ ಇದ್ದು, ಅವನು ದುಬೈನಲ್ಲಿ ಕಂಪನಿ ಕೊಟ್ಟ ಹಂಚಿಕೆಯ ರೂಮಿನಲ್ಲಿದ್ದರೆ ಮೊದಲೆರಡು ಮೆಟ್ಟಿಲಲ್ಲೇ ವಾದ ಭಾರತದ ಕಡೆ ವಾಲುತ್ತದೆ.