ಬಾಟಲಿಯ ತಳದಲ್ಲಿ ಉಳಿದ ನೀರು

ನನ್ನ ಅಕ್ಕನ ಮಗಳು ಜಯನಗರದಲ್ಲಿ ಸಲೂನ್ ನಡೆಸುತ್ತಾಳೆ. ಹೋದ ವರ್ಷ ಬಾಗಿಲ ಪಕ್ಕದಲ್ಲೇ ಒಂದು ರೀಫಿಲ್ ಮೂಲೆ ಮಾಡಿದಳು. ನಲ್ಲಿ ಇರುವ 5 ಲೀಟರಿನ ಎರಡು ಕ್ಯಾನ್, ಒಂದು ತಕ್ಕಡಿ, ಒಂದು ಬೋರ್ಡ್. ಖಾಲಿ ಬಾಟಲಿ ತನ್ನಿ, ಶಾಂಪೂ ತುಂಬಿಸಿಕೊಂಡು ಹೋಗಿ, ಅಷ್ಟೇ. ಜನಕ್ಕೆ ಇಷ್ಟವಾಯಿತು. ಎರಡನೇ ತಿಂಗಳಲ್ಲಿ ಒಬ್ಬ ಆಂಟಿ ಬಾಟಲಿ ವಾಪಸ್ ತಂದು ಕೌಂಟರ್ ಮೇಲಿಟ್ಟರು. "ಏನಮ್ಮಾ, ನೀರು ಬೆರೆಸಿದ್ದೀಯಾ?"

ಅವಳು ಬೆರೆಸಿರಲಿಲ್ಲ. ಬೆರೆಸಿದ್ದು ಆಂಟಿಯೇ, ಗೊತ್ತಿಲ್ಲದೆ. ಬಾಟಲಿ ತೊಳೆದು, ಒಣಗಿಸದೆ ತಂದಿದ್ದರು.

ಚೂರು ನೀರಿಗೆ ಇಷ್ಟು ತೆಳ್ಳಗಾಗುತ್ತದಾ? ಆಗುತ್ತದೆ. ಸಾಧಾರಣ ಶಾಂಪೂ ದಪ್ಪಗಿರಲು ಕಾರಣ ಬಹಳ ಸಲ ನಮ್ಮ ಅಡುಗೆ ಉಪ್ಪು. ನೊರೆ ಕೊಡುವ ಅಣುಗಳು ನೀರಿನಲ್ಲಿ ಸಣ್ಣ ಉಂಡೆಗಳಾಗಿ ಗುಂಪು ಕೂಡುತ್ತವೆ. ಉಪ್ಪು ಹಾಕಿದರೆ ಆ ಉಂಡೆಗಳು ಉದ್ದವಾಗಿ, ಶಾವಿಗೆಯ ಎಳೆಗಳ ಹಾಗೆ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ನಾವು ದಪ್ಪ ಅನ್ನುವುದು ಆ ಸಿಕ್ಕನ್ನೇ. 250 ಮಿಲಿ ಬಾಟಲಿಯಲ್ಲಿ 25 ಮಿಲಿ ನೀರು ಉಳಿದಿದ್ದರೆ ಉಪ್ಪೂ ನೊರೆಯ ಅಣುವೂ ಹತ್ತರಲ್ಲಿ ಒಂದು ಪಾಲು ಕಮ್ಮಿಯಾಗುತ್ತವೆ. ದಪ್ಪ ಮಾತ್ರ ಅದಕ್ಕಿಂತ ಎಷ್ಟೋ ಜಾಸ್ತಿ ಇಳಿದುಬಿಡುತ್ತದೆ, ಏಕೆಂದರೆ ಎಳೆಗಳು ತುಂಡಾಗಿ ಸಿಕ್ಕು ಬಿಚ್ಚಿಕೊಳ್ಳುತ್ತದೆ.

ತೆಳ್ಳಗಾಗುವುದು ಬರೀ ನೋಟದ ತೊಂದರೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಶಾಂಪೂ ಕೆಡದಿರಲು ಹಾಕುವ ಪ್ರಿಸರ್ವೇಟಿವ್ ಕೂಡ ಅದೇ ನೀರಿನಲ್ಲಿ ತೆಳುವಾಗುತ್ತದೆ. ಕಂಪನಿ ಅದನ್ನು ಹಾಕುವುದು ಅಳೆದೂ ಸುರಿದೂ, ಬೇಕಾದಷ್ಟೇ. ಬಚ್ಚಲುಮನೆಯ ನೀರಿನಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಅದು ಬಾಟಲಿಯ ಗೋಡೆಗೆ ಲೋಳೆಯಾಗಿ ಅಂಟಿಕೊಳ್ಳುತ್ತದೆ. ಆ ಲೋಳೆಯೊಳಗೆ ಪ್ರಿಸರ್ವೇಟಿವ್ ಸರಿಯಾಗಿ ಇಳಿಯುವುದಿಲ್ಲ. ಹಳೆಯದರ ಮೇಲೆ ಹೊಸದನ್ನು ಸುರಿದರೆ ಅದಕ್ಕೆ ಊಟ ಬಡಿಸಿದಂತೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2002ರಲ್ಲೇ ಆಸ್ಪತ್ರೆಗಳಿಗೆ ಹೇಳಿತ್ತು: ಅರ್ಧ ಖಾಲಿಯಾದ ಸೋಪಿನ ಡಬ್ಬಿಗೆ ಮೇಲಿಂದ ತುಂಬಿಸಬೇಡಿ. ಆರೋಗ್ಯವಂತರ ತಲೆಗೆ ಇದರಿಂದ ದೊಡ್ಡ ಅಪಾಯವೇನೂ ಆಗಲಿಕ್ಕಿಲ್ಲ. ಆದರೆ ತಲೆಯಲ್ಲಿ ಗಾಯ ಇದ್ದವರಿಗೆ, ಕಣ್ಣಿಗೆ ಲೆನ್ಸ್ ಹಾಕುವವರಿಗೆ ಇದು ಒಳ್ಳೆಯದಲ್ಲ.

ಹಾಗಾದರೆ ಕುದಿಯುವ ನೀರು ಹಾಕಿ ತೊಳೆಯೋಣ ಅಂದಳು. ಬೇಡ ಅಂದೆ. ಗಾಜಿನಂತೆ ಹೊಳೆಯುವ ಪೆಟ್ ಪ್ಲಾಸ್ಟಿಕ್ ಬಾಟಲಿ 70 ಡಿಗ್ರಿ ದಾಟುವಾಗಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಅದಕ್ಕಿಂತ ತಲೆನೋವು ಪಂಪ್. ಒಳಗೆ ಸ್ಪ್ರಿಂಗ್, ಪುಟ್ಟ ಗುಂಡು, ಸಪೂರ ಕೊಳವೆ. ಒಳಗೆ ಕೈ ಹೋಗುವುದಿಲ್ಲ, ಒಂದು ವಾರ ಒಣಗಿಸಿದರೂ ತೇವ ಉಳಿದಿರುತ್ತದೆ.

ಕೊನೆಗೆ ಅವಳು ಪದ್ಧತಿಯನ್ನೇ ತಿರುಗಿಸಿದಳು. ಗಿರಾಕಿಯ ಬಾಟಲಿಗೆ ಅಲ್ಲೇ ತುಂಬಿಸುವುದಿಲ್ಲ. ಅದನ್ನು ಇಸಿದುಕೊಂಡು, ಮೊದಲೇ ತೊಳೆದು ಎರಡು ದಿನ ಬೋರಲು ಹಾಕಿ ಒಣಗಿಸಿದ ಇನ್ನೊಂದು ಬಾಟಲಿ ತುಂಬಿಸಿ ಕೊಡುತ್ತಾಳೆ. ಹಾಲಿನ ಗಾಜಿನ ಬಾಟಲಿ ನೆನಪಿರುವವರಿಗೆ ಇದು ಹೊಸದೇನಲ್ಲ. ಬಾಟಲಿಗೆ ಪಂಪ್ ಇಲ್ಲ, ಬರೀ ಫ್ಲಿಪ್ ಮುಚ್ಚಳ. ಕ್ಯಾನಿನ ಮೇಲಿನ ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ ಎರಡನ್ನೂ ಚೀಟಿಯಲ್ಲಿ ಬರೆದು ಅಂಟಿಸುತ್ತಾಳೆ. ಕ್ಯಾನ್ ಪೂರ್ತಿ ಮುಗಿಯುವವರೆಗೆ ಹೊಸ ಕ್ಯಾನ್ ಒಡೆಯುವುದಿಲ್ಲ. ನಲ್ಲಿಯ ಬಾಯಿಯನ್ನು ದಿನಾ ಸಂಜೆ ಸ್ಪಿರಿಟ್‌ನಲ್ಲಿ ಒರೆಸುತ್ತಾಳೆ, ಅಲ್ಲಿ ಒಣಗಿ ನಿಂತ ಹನಿಯೇ ಮುಂದಿನ ಬಾಟಲಿಗೆ ಕಂಟಕ.

ಇನ್ನು ಬೋರ್ಡಿನ ವಿಷಯ. ಮೊದಲು ಅದರಲ್ಲಿ "ಪರಿಸರ ಸ್ನೇಹಿ ಸಲೂನ್" ಅಂತಿತ್ತು. ಆಧಾರ ಕೊಡದೆ ಹೀಗೆ ಸುಮ್ನೆ ಬರೆಯುವುದರ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರಲ್ಲೇ ಮಾರ್ಗಸೂಚಿ ತಂದಿದೆ. ಹಾಗಾಗಿ ತಕ್ಕಡಿಯನ್ನೇ ಕೇಳೋಣ ಅಂತ ಕೂತೆವು. ಅವಳ 250 ಮಿಲಿ ಬಾಟಲಿ ಮುಚ್ಚಳ ಸೇರಿ 28 ಗ್ರಾಂ. 5 ಲೀಟರಿಗೆ ಅಂಥವು 20 ಬೇಕು, ಅಂದರೆ 560 ಗ್ರಾಂ ಪ್ಲಾಸ್ಟಿಕ್. ಖಾಲಿ ಕ್ಯಾನ್ 220 ಗ್ರಾಂ. ಪಾತ್ರೆ ದೊಡ್ಡದಾದಷ್ಟೂ ಒಳಗಿನ ಜಾಗ ಬೆಳೆಯುವ ವೇಗದಲ್ಲಿ ಗೋಡೆ ಬೆಳೆಯುವುದಿಲ್ಲ, ಉಳಿತಾಯ ಇರುವುದು ಅಲ್ಲೇ. ತೀರ 20 ಪಟ್ಟು ಉಳಿಯದಿರುವುದಕ್ಕೂ ಕಾರಣ ಅದೇ: ಗೋಡೆ ಕಮ್ಮಿಯಾಗುತ್ತದೆ, ಮಾಯವಾಗುವುದಿಲ್ಲ.

ಒಂದು ರೀಫಿಲ್‌ಗೆ ಲೆಕ್ಕ ಹಾಕಿದರೆ 28ರಲ್ಲಿ ಕ್ಯಾನಿನ ಪಾಲು 11 ಕಳೆದು 17 ಗ್ರಾಂ ಉಳಿತಾಯ. ಸಪ್ಲೈಯರ್ ಕ್ಯಾನ್ ವಾಪಸ್ ಪಡೆದು ಮತ್ತೆ ತುಂಬಿಸಿ ಕೊಟ್ಟರೆ ಇನ್ನೂ ಜಾಸ್ತಿ. ಅವಳ ಸಪ್ಲೈಯರ್ ಪಡೆಯುವುದಿಲ್ಲ, ಆದ್ದರಿಂದ ಬೋರ್ಡಿನಲ್ಲಿ 17 ಅಂತಲೇ ಬರೆಸಿದ್ದಾಳೆ. "ಇಷ್ಟೇನಾ?" ಅಂತ ಕೇಳುವವರೂ ಇದ್ದಾರೆ. ಕೇಳಿದವರ ಕೈಗೆ ಖಾಲಿ ಬಾಟಲಿ ಕೊಟ್ಟು ತಕ್ಕಡಿ ತೋರಿಸುತ್ತಾಳೆ. ಆ ಆಂಟಿ ಈಗ ತಮ್ಮ ಬಾಟಲಿ ತಾವೇ ತೂಗಿ, ಒಳಗೆ ನೀರಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ ಕೊಡುತ್ತಾರೆ.